ಅರ್ಧ, ಮುಕ್ಕಾಲು, ಒಂದು: ಫುಟ್‌ಬಾಲ್ ಹ್ಯಾಂಡಿಕ್ಯಾಪ್‌ನಲ್ಲಿ ಯಾವ ಲೈನ್ ಆರಿಸಬೇಕು?

ಒಂದೇ ಪಂದ್ಯ, ಒಂದೇ ಫೇವರಿಟ್ ತಂಡ, ಪಕ್ಕಪಕ್ಕದಲ್ಲಿ ಮೂರು ಲೈನ್: -0.5, -0.75, -1. ಇವು ಏಷ್ಯನ್ ಹ್ಯಾಂಡಿಕ್ಯಾಪ್ ಲೈನ್‌ಗಳು, ತಂಡದ ಗೋಲುಗಳಿಂದ ಅಷ್ಟನ್ನು ಕಳೆದ ಮೇಲೆ ಬೆಟ್ ಗೆದ್ದಿತೋ ಸೋತಿತೋ ಅಂತ ನೋಡುತ್ತಾರೆ. ಲೈನ್ ಕಠಿಣವಾದಂತೆ ಆಡ್ಸ್ ಏರುತ್ತಾ ಹೋಗುತ್ತದೆ. ಮೊದಲನೆಯದು, ಕೊನೆಯದು ಯಾರಿಗಾದರೂ ಬೇಗ ಅರ್ಥವಾಗುತ್ತವೆ. ತಲೆ ಕೆಡಿಸುವುದು ನಡುವಿನದು. ಮುಕ್ಕಾಲು ಗೋಲು ಅಂತ ಯಾರೂ ಹೊಡೆಯುವುದಿಲ್ಲವಲ್ಲ! ಹಾಗಾಗಿ ತುಂಬಾ ಜನ "ಅರ್ಧಕ್ಕಿಂತ ಆಡ್ಸ್ ಚೆನ್ನಾಗಿದೆ, ಒಂದಕ್ಕಿಂತ ಸೇಫ್" ಅಂದುಕೊಂಡು ಸುಮ್ನೆ ನಡುವಿನದನ್ನೇ ಒತ್ತಿಬಿಡುತ್ತಾರೆ. ಇದರಲ್ಲಿ ಎರಡನೇ ಮಾತು ನೇರವಾಗಿ ತಪ್ಪು. ಯಾಕೆ ಅಂತ ಹೇಳುವ ಮೊದಲು ಲೆಕ್ಕ ಹೇಗೆ ಚುಕ್ತಾ ಆಗುತ್ತದೆ ಅನ್ನುವುದನ್ನು ನೋಡಿಬಿಡೋಣ.

ಕಾಲು ಅಥವಾ ಮುಕ್ಕಾಲು ಬರುವ ಲೈನ್, ಅಂದರೆ ಕಾಲಿನ ಲೈನ್, ನಿಜವಾಗಿ ಒಂದು ಬೆಟ್ ಅಲ್ಲ, ಎರಡು. ನೀವು -0.75ರ ಮೇಲೆ 100 ಹಾಕಿದರೆ ಅದರಲ್ಲಿ 50 ಹೋಗಿ -0.5ರ ಮೇಲೆ ಕೂರುತ್ತದೆ, ಇನ್ನೊಂದು 50 -1ರ ಮೇಲೆ. ಎರಡಕ್ಕೂ ಆಡ್ಸ್ ಒಂದೇ, ಅಂದರೆ ನೀವು -0.75ಕ್ಕೆ ಯಾವ ಆಡ್ಸ್ ತೆಗೆದುಕೊಂಡಿರೋ ಅದೇ. ಕೆಲವು ಕಡೆ ಇದನ್ನು -0.75 ಅಂತ ಬರೆಯದೆ "-0.5, -1" ಅಂತಲೋ "-0.5/1" ಅಂತಲೋ ತೋರಿಸುತ್ತಾರೆ. ಹೊಸಬರಿಗೆ ಅದು ಎರಡು ಆಯ್ಕೆ ಕೊಟ್ಟ ಹಾಗೆ ಕಾಣಬಹುದು, ಆದರೆ ಎಲ್ಲವೂ ಒಂದೇ ಲೈನ್. ಹೀಗೆಯೇ -0.25 ಅಂದರೆ 0 ಮತ್ತು -0.5, -1.25 ಅಂದರೆ -1 ಮತ್ತು -1.5. ಯಾವಾಗಲೂ ಅಕ್ಕಪಕ್ಕದ ಎರಡು ಲೈನ್, ಒಂದು ಪೂರ್ಣ ಸಂಖ್ಯೆ, ಇನ್ನೊಂದು ಅರ್ಧ ಇರುವ ಸಂಖ್ಯೆ.

ಇವೆರಡರ ಸ್ವಭಾವವೇ ಬೇರೆ. ಅರ್ಧ ಇರುವ ಲೈನ್‌ನಲ್ಲಿ ಗೆಲುವು ಅಥವಾ ಸೋಲು, ಮಧ್ಯದ ದಾರಿ ಇಲ್ಲ. ಪೂರ್ಣ ಸಂಖ್ಯೆಯ ಲೈನ್‌ನಲ್ಲಿ ಮಾತ್ರ ಸರಿಸಮ ಆಗಬಹುದು, ಆಗ ಹಾಕಿದ ಹಣ ವಾಪಸ್. ಫೇವರಿಟ್ ತಂಡ ಸರಿಯಾಗಿ ಒಂದು ಗೋಲಿನಿಂದ ಗೆದ್ದರೆ -0.5ರ ಮೇಲಿದ್ದ 50 ಗೆಲ್ಲುತ್ತದೆ, -1ರ ಮೇಲಿದ್ದ 50 ಹಾಗೇ ವಾಪಸ್ ಬರುತ್ತದೆ. ಇದೇ ಅರ್ಧ ಗೆಲುವು. ಅದೇ ತಂಡ -1.25ರಲ್ಲಿ ಒಂದು ಗೋಲಿನಿಂದ ಗೆದ್ದರೆ? -1ರ ಅರ್ಧ ವಾಪಸ್, -1.5ರ ಅರ್ಧ ಹೋಯಿತು. ಇದು ಅರ್ಧ ಸೋಲು. ತಂಡ ಗೆದ್ದಿದೆ, ನಿಮ್ಮ ಅರ್ಧ ದುಡ್ಡು ಹೋಗಿದೆ!

ಇದನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡುವ ಕೆಲಸ ಬೇಡ. ನಿಮ್ಮ ತಂಡದ ಗೋಲುಗಳಿಂದ ಎದುರಾಳಿಯ ಗೋಲುಗಳನ್ನು ಕಳೆಯಿರಿ, ಬಂದ ಸಂಖ್ಯೆಗೆ ಲೈನ್ ಸೇರಿಸಿ. ಉತ್ತರ ಸರಿಯಾಗಿ +0.25 ಬಂದರೆ ಅರ್ಧ ಗೆಲುವು, -0.25 ಬಂದರೆ ಅರ್ಧ ಸೋಲು. ಸೊನ್ನೆ ಬಂದರೆ ಹಣ ವಾಪಸ್. +0.25ಕ್ಕಿಂತ ಮೇಲೆ ಹೋದರೆ ಪೂರ್ತಿ ಗೆಲುವು, -0.25ಕ್ಕಿಂತ ಕೆಳಗೆ ಹೋದರೆ ಪೂರ್ತಿ ಸೋಲು. ಮೈನಸ್ ಲೈನ್ ಇರಲಿ, ಪ್ಲಸ್ ಲೈನ್ ಇರಲಿ, ಈ ಒಂದು ಲೆಕ್ಕ ಎಲ್ಲಕ್ಕೂ ಸಾಕು. ಉದಾಹರಣೆಗೆ 2018ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಫ್ರಾನ್ಸ್ 1-0ಯಿಂದ ಬೆಲ್ಜಿಯಂ ವಿರುದ್ಧ ಗೆದ್ದಿತು. ಫ್ರಾನ್ಸ್ -0.75 ಅಂತ ಯಾರಾದರೂ ಹಿಡಿದಿದ್ದರೆ 1ರಿಂದ 0.75 ಕಳೆದು +0.25, ಅರ್ಧ ಗೆಲುವು. ಬೆಲ್ಜಿಯಂ +0.75 ಹಿಡಿದವರಿಗೆ -1ಕ್ಕೆ 0.75 ಸೇರಿ -0.25, ಅರ್ಧ ಸೋಲು. ಒಂದು ಕಡೆ ಅರ್ಧ ಗೆದ್ದರೆ ಇನ್ನೊಂದು ಕಡೆ ಯಾವಾಗಲೂ ಅರ್ಧ ಸೋಲುತ್ತದೆ, ಆ ಮಟ್ಟಿಗೆ ಲೆಕ್ಕ ಸರಿ ಇದೆಯೋ ಅಂತ ಪರೀಕ್ಷೆಯೂ ಆಯಿತು.

ಈಗ ಹಣ. ಎಲ್ಲರೂ ಎಡವುವುದು ಇಲ್ಲೇ. 100 ಹಾಕಿದ್ದೀರಿ, ಆಡ್ಸ್ 2.04. ಪೂರ್ತಿ ಗೆದ್ದರೆ ಕೈಗೆ 204 ಬರಬೇಕು. ಹಾಗಾದರೆ ಅರ್ಧ ಗೆಲುವಿಗೆ 102 ಅಂತ ಲೆಕ್ಕ ಹಾಕಿ, ಖಾತೆಯಲ್ಲಿ ಬೇರೆ ಸಂಖ್ಯೆ ಕಂಡು ಗಾಬರಿಯಾಗುವವರಿದ್ದಾರೆ. ಅರ್ಧವಾಗುವುದು ಲಾಭ, ಒಟ್ಟು ಮೊತ್ತವಲ್ಲ. ಗೆದ್ದ 50ಕ್ಕೆ 2.04ರಂತೆ 102, ಅದರ ಜೊತೆ ವಾಪಸ್ ಬಂದ 50, ಒಟ್ಟು 152. ಲಾಭ 52. ಪೂರ್ತಿ ಗೆದ್ದಿದ್ದರೆ ಲಾಭ 104, ಅದರ ಅರ್ಧ ಸರಿಯಾಗಿ 52. ಅರ್ಧ ಸೋಲಿನಲ್ಲಿ ಆಡ್ಸ್‌ಗೆ ಕೆಲಸವೇ ಇಲ್ಲ, 50 ಹೋಗುತ್ತದೆ, 50 ಬರುತ್ತದೆ. ಹಾಗಾಗಿ ಅರ್ಧ ಗೆಲುವೂ ಅರ್ಧ ಸೋಲೂ ಒಂದಕ್ಕೊಂದು ಸಮ ಅಂದುಕೊಳ್ಳಬೇಡಿ. ಆಡ್ಸ್ 1.60 ಇದ್ದಾಗ ಅರ್ಧ ಗೆದ್ದರೆ ಬರುವುದು 30, ಅರ್ಧ ಸೋತರೆ ಹೋಗುವುದು ಅದೇ 50.

ಇಲ್ಲಿ ಹೇಳುತ್ತಿರುವುದೆಲ್ಲ ಹಾಕಿದ ಹಣವನ್ನೂ ಸೇರಿಸಿ ತೋರಿಸುವ ದಶಮಾಂಶ ಆಡ್ಸ್. ಕೆಲವು ಕಡೆ ಬರೀ ಲಾಭವನ್ನು ತೋರಿಸುವ ಹಾಂಗ್‌ಕಾಂಗ್ ಆಡ್ಸ್ ಇರುತ್ತದೆ, ಅಲ್ಲಿ ಇದೇ 2.04 ಅನ್ನುವುದು 1.04 ಅಂತ ಕಾಣುತ್ತದೆ. ಸೆಟ್ಟಿಂಗ್ ನೋಡದೆ ಲೆಕ್ಕ ಹಾಕಿದರೆ ಎಲ್ಲವೂ ಉಲ್ಟಾ.

ಮೂರರಲ್ಲಿ ಯಾವುದು?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಒಂದು ಪಂದ್ಯ ಅಂದುಕೊಳ್ಳಿ. ಫೇವರಿಟ್ ತಂಡಕ್ಕೆ -0.5 ಲೈನ್ 1.80ರಲ್ಲಿ ಸಿಗುತ್ತಿದೆ, -0.75 2.04ರಲ್ಲಿ, -1 2.45ರಲ್ಲಿ. ಇವು ಉದಾಹರಣೆಗೆ ನಾನು ಹಿಡಿದ ಸಂಖ್ಯೆಗಳು, ಆದರೆ ಈ ಮೂರು ಲೈನ್‌ಗಳ ನಡುವೆ ಸುಮಾರು ಇಷ್ಟೇ ಅಂತರ ಇರುವುದನ್ನು ನೀವು ನೋಡಿರುತ್ತೀರಿ.

ಪಂದ್ಯ ಡ್ರಾ ಆಯಿತು ಅಂತಿಟ್ಟುಕೊಳ್ಳಿ. -0.5 ಪೂರ್ತಿ ಹೋಯಿತು. -1 ಪೂರ್ತಿ ಹೋಯಿತು. -0.75? ಅದರ ಎರಡೂ ಅರ್ಧ ಹೋದವು, ಅಂದರೆ ಅದೂ ಪೂರ್ತಿ. ತಂಡ ಸೋತರೂ ಇದೇ ಕಥೆ. ಇನ್ನು ಎರಡು ಅಥವಾ ಹೆಚ್ಚು ಗೋಲಿನಿಂದ ಗೆದ್ದರೆ ಮೂರೂ ಪೂರ್ತಿ ಗೆಲ್ಲುತ್ತವೆ, ಬರುವ ಲಾಭ ಮಾತ್ರ 80, 104, 145 ಅಂತ ಬೇರೆ ಬೇರೆ. ಹಾಗಾದರೆ ಗೆಲುವು-ಸೋಲಿನ ತೀರ್ಪು ಬೇರೆ ಬೇರೆಯಾಗುವುದು ಒಂದೇ ಒಂದು ಕಡೆ: ಸರಿಯಾಗಿ ಒಂದು ಗೋಲಿನ ಗೆಲುವು. ಅಲ್ಲಿ -0.5ಕ್ಕೆ 80 ಲಾಭ, -0.75ಕ್ಕೆ 52, -1ಕ್ಕೆ ಏನೂ ಇಲ್ಲ, ಹಾಕಿದ್ದು ವಾಪಸ್.

ಅದಕ್ಕೇ ಹೇಳಿದ್ದು, "ಒಂದಕ್ಕಿಂತ ಮುಕ್ಕಾಲು ಸೇಫ್" ಅನ್ನುವುದು ತಪ್ಪು ಅಂತ. ಹಣ ಕಳೆದುಕೊಳ್ಳುವ ಸಂದರ್ಭಗಳು ಮೂರರಲ್ಲೂ ಒಂದೇ. ಡ್ರಾ ಆಗುತ್ತದೋ ಏನೋ ಅನ್ನುವ ಹೆದರಿಕೆ ನಿಮಗಿದ್ದರೆ -1ರಿಂದ -0.75ಕ್ಕೆ, ಅಲ್ಲಿಂದ -0.5ಕ್ಕೆ ಇಳಿದರೂ ಆ ಹೆದರಿಕೆಗೆ ಮದ್ದಿಲ್ಲ. ಅದಕ್ಕೆ -0.25ಕ್ಕೆ ಅಥವಾ 0ಗೆ ಹೋಗಬೇಕು. -0.25ರಲ್ಲಿ ಡ್ರಾ ಆದರೆ ಅರ್ಧ ಮಾತ್ರ ಹೋಗುತ್ತದೆ, 0ಯಲ್ಲಿ ಪೂರ್ತಿ ವಾಪಸ್.

ಆದ್ದರಿಂದ ಈ ಮೂರರ ನಡುವೆ ಆರಿಸುವಾಗ ಸೋಲು ಎಷ್ಟು ಸಲ ಬರುತ್ತದೆ ಅನ್ನುವುದನ್ನು ಪಕ್ಕಕ್ಕಿಡಬಹುದು, ಅದು ಮೂರಕ್ಕೂ ಸಮಾನ. ಕೇಳಿಕೊಳ್ಳಬೇಕಾದ್ದು ಇಷ್ಟು: ಈ ತಂಡ ಗೆಲ್ಲುವ ಪ್ರತಿ 100 ಸಲದಲ್ಲಿ ಒಂದೇ ಗೋಲಿನ ಗೆಲುವು ಎಷ್ಟು, ಎರಡು ಅಥವಾ ಹೆಚ್ಚಿನದು ಎಷ್ಟು?

ಪ್ರತಿ ಸಲ 1 ಹಾಕುತ್ತೀರಿ ಅಂತ ಲೆಕ್ಕ ಮಾಡೋಣ. 100 ಗೆಲುವಿನಲ್ಲಿ -0.5 ಯಾವಾಗಲೂ 80 ಲಾಭ ತರುತ್ತದೆ, ಅಂತರ ಎಷ್ಟೇ ಇರಲಿ. ಈಗ 100ರಲ್ಲಿ 40 ಒಂದು ಗೋಲಿನ ಗೆಲುವು, 60 ದೊಡ್ಡ ಗೆಲುವು ಅಂದುಕೊಳ್ಳಿ. -1ಕ್ಕೆ 60 ಸಲ 1.45ರಂತೆ 87 ಬರುತ್ತದೆ. -0.75ಕ್ಕೆ 60 ಸಲ 1.04, 40 ಸಲ 0.52, ಒಟ್ಟು 83.2. ಇಲ್ಲಿ -1 ಮುಂದಿದೆ. ಅದನ್ನೇ ತಿರುಗಿಸಿ 52 ಒಂದು ಗೋಲಿನ ಗೆಲುವು, 48 ದೊಡ್ಡದು ಅಂದುಕೊಂಡರೆ -1 ಬರೀ 69.6ಕ್ಕೆ ಇಳಿಯುತ್ತದೆ, -0.75 ಸುಮಾರು 77, -0.5 ಅದೇ 80. ಈಗ ಅರ್ಧದ ಲೈನ್ ಮುಂದೆ.

ಮುಕ್ಕಾಲು ಮುಂದೆ ಬರುವುದು ಯಾವಾಗ? ಈ ಆಡ್ಸ್‌ಗಳಲ್ಲಿ ಒಂದು ಗೋಲಿನ ಗೆಲುವು 100ಕ್ಕೆ ಸುಮಾರು 44ರಿಂದ 46ರ ನಡುವೆ ಇದ್ದರೆ ಮಾತ್ರ. ಎಷ್ಟು ಸಣ್ಣ ಕಿಂಡಿ ನೋಡಿ! ಅದಕ್ಕಿಂತ ಕಮ್ಮಿ ಅನ್ನಿಸಿದರೆ -1, ಜಾಸ್ತಿ ಅನ್ನಿಸಿದರೆ -0.5. ಆ ಕಿಂಡಿಯೊಳಗೆ ಕೂಡ ವ್ಯತ್ಯಾಸ ಚಿಲ್ಲರೆ. ಅಂದರೆ ಗೆಲುವಿನ ಅಂತರದ ಬಗ್ಗೆ ನಿಮಗೆ ಒಂದು ಗಟ್ಟಿ ಅಭಿಪ್ರಾಯ ಇದ್ದರೆ ಕಾಲಿನ ಲೈನ್ ನಿಮಗೆ ಹೆಚ್ಚಾಗಿ ಸರಿಹೋಗುವುದಿಲ್ಲ, ಅಭಿಪ್ರಾಯ ಇಲ್ಲದಿದ್ದರೆ ಅದು ನಡುವಿನ ಜಾಗ, ಅಷ್ಟೆ. ನನ್ನ ಪ್ರಕಾರ ಮುಕ್ಕಾಲನ್ನು ಹಿಡಿಯಲು ಇನ್ನೊಂದೇ ಒಳ್ಳೆಯ ಕಾರಣವಿದೆ: ಪಕ್ಕದ ಎರಡು ಲೈನ್‌ಗಳಿಗೆ ಹೋಲಿಸಿದರೆ ಅದರ ಆಡ್ಸ್ ಎದ್ದು ಕಾಣುವಷ್ಟು ಚೆನ್ನಾಗಿರುವುದು. ಮುಖ್ಯ ಲೈನ್ ಆಗಿ -0.75 ಇದ್ದು ಅಕ್ಕಪಕ್ಕದವು ಬದಲಿ ಲೈನ್‌ಗಳಾಗಿದ್ದಾಗ ಹೀಗಾಗುವುದುಂಟು, ಯಾಕೆಂದರೆ ಬದಲಿ ಲೈನ್‌ಗಳಲ್ಲಿ ಬುಕ್ಕಿ ತನ್ನ ಪಾಲನ್ನು ಸ್ವಲ್ಪ ಜಾಸ್ತಿ ಇಟ್ಟುಕೊಳ್ಳಬಹುದು.

ಆ 44, 46 ಎಲ್ಲ ಪಂದ್ಯಕ್ಕೂ ಅನ್ವಯಿಸುವ ಸಂಖ್ಯೆಗಳಲ್ಲ. ಆಡ್ಸ್ ಬದಲಾದರೆ ಅವೂ ಬದಲಾಗುತ್ತವೆ, ನೀವೇ ಮತ್ತೆ ಲೆಕ್ಕ ಹಾಕಬೇಕು. 100 ಗೆಲುವನ್ನು ಎರಡು ಭಾಗ ಮಾಡಿ ಗುಣಿಸುವುದು, ಕೂಡುವುದು, ಒಂದು ಚೀಟಿ ಸಾಕು.

ಒಂದು ಗೋಲಿನ ಗೆಲುವು ಎಷ್ಟು ಅನ್ನುವುದನ್ನು ಊಹಿಸುವುದು ಹೇಗೆ? ಮೊದಲು ಅದೇ ಪಂದ್ಯದ ಒಟ್ಟು ಗೋಲುಗಳ ಲೈನ್ ನೋಡಿ. ಒಟ್ಟು 2 ಅಥವಾ 2.25 ಅಂತ ಇದ್ದರೆ ಕಮ್ಮಿ ಗೋಲಿನ ಬಿಗಿ ಆಟ ನಿರೀಕ್ಷೆಯಲ್ಲಿದೆ, ಗೆಲುವು ಬಂದರೂ 1-0 ತರಹದ್ದು ಜಾಸ್ತಿ. 3ರ ಮೇಲೆ ಇದ್ದರೆ ಅಂತರ ದೊಡ್ಡದಾಗುವ ಸಾಧ್ಯತೆ ಜಾಸ್ತಿ. ಒಂದೇ ಬಲದ ಫೇವರಿಟ್ ತಂಡಕ್ಕೂ ಈ ಎರಡು ಪಂದ್ಯಗಳಲ್ಲಿ ಬೇರೆ ಬೇರೆ ಲೈನ್ ಸರಿಹೋಗಬಹುದು. ಆಮೇಲೆ ತಂಡದ ಸ್ವಭಾವ. ಮುನ್ನಡೆ ಸಿಕ್ಕಮೇಲೆ ಹಿಂದೆ ಸರಿದು ಕಾಪಾಡಿಕೊಳ್ಳುವ ತಂಡ ಇರುತ್ತದೆ, ಇನ್ನೊಂದು ಗೋಲಿಗೆ ಮುನ್ನುಗ್ಗುವ ತಂಡವೂ ಇರುತ್ತದೆ. ಆದರೆ ಇದರಲ್ಲಿ ಜಾಗ್ರತೆ ಬೇಕು, ಬೆಲೆ ಕಟ್ಟುವವರು ಇದನ್ನೆಲ್ಲ ನೋಡದೆ ಕೂತಿರುವುದಿಲ್ಲ, ಆ ಆಡ್ಸ್‌ನಲ್ಲಿ ಅದು ಆಗಲೇ ಸೇರಿರುತ್ತದೆ.

ಇನ್ನೊಂದು ಮಾತನ್ನು ನೇರವಾಗಿ ಹೇಳಬೇಕು. ಇಷ್ಟೂ ಲೆಕ್ಕ ಹೇಳುವುದು ಮೂರರಲ್ಲಿ ಯಾವುದು ವಾಸಿ ಅಂತ ಮಾತ್ರ, ಹಾಕಬೇಕೋ ಬೇಡವೋ ಅಂತಲ್ಲ. 1.80ರಲ್ಲಿ -0.5 ಹಿಡಿದು ಅಸಲಾದರೂ ಉಳಿಯಬೇಕಾದರೆ ತಂಡ 100ಕ್ಕೆ ಕನಿಷ್ಠ 55.6 ಸಲ ಗೆಲ್ಲಬೇಕು. ನಿಮ್ಮ ಅಂದಾಜಿನಲ್ಲಿ ಅದು 54 ಇದ್ದು, ಆ 54ರಲ್ಲಿ 24 ಒಂದು ಗೋಲಿನ ಗೆಲುವು, 30 ದೊಡ್ಡದು ಅಂದರೆ -0.5ರಲ್ಲಿ 100 ಪಂದ್ಯಕ್ಕೆ 2.8 ನಷ್ಟ, -0.75ರಲ್ಲಿ ಸುಮಾರು 2.3 ನಷ್ಟ, -1ರಲ್ಲಿ 2.5 ನಷ್ಟ. ಮುಕ್ಕಾಲು ಎಲ್ಲಕ್ಕಿಂತ ವಾಸಿ, ಆದರೂ ನಷ್ಟವೇ. ಬುಕ್ಕಿಯ ಪಾಲು ಕೂತಿರುವುದು ಅಲ್ಲೇ. ಲೈನ್ ಜಾಣತನದಿಂದ ಆರಿಸಿದ ಮಾತ್ರಕ್ಕೆ ಅದು ಕರಗಿಹೋಗುವುದಿಲ್ಲ.

ನಾವೇ ಎರಡು ಬೆಟ್ ಹಾಕಿದರೆ?

ಹೇಗಿದ್ದರೂ ಎರಡಾಗಿ ಒಡೆಯುತ್ತದಲ್ವಾ, ನಾನೇ 50ನ್ನು -0.5ಕ್ಕೆ, 50ನ್ನು -1ಕ್ಕೆ ಹಾಕಿದರೆ ಅದೇ ಆಯಿತಲ್ಲ ಅಂತ ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ, ಆದರೆ ಉತ್ತರ "ಅಲ್ಲ". ನೀವೇ ಒಡೆದರೆ ಒಂದು ಅರ್ಧಕ್ಕೆ 1.80 ಸಿಗುತ್ತದೆ, ಇನ್ನೊಂದಕ್ಕೆ 2.45. -0.75ರಲ್ಲಿ ಎರಡಕ್ಕೂ 2.04.

ಒಂದು ಗೋಲಿನಿಂದ ಗೆದ್ದಾಗ ನೀವೇ ಒಡೆದದ್ದರಲ್ಲಿ ಲಾಭ 40, -0.75ರಲ್ಲಿ 52. ಎರಡು ಗೋಲಿನಿಂದ ಗೆದ್ದಾಗ ನೀವೇ ಒಡೆದದ್ದರಲ್ಲಿ 112.5, -0.75ರಲ್ಲಿ 104. ಸೋತಾಗ ಎರಡರಲ್ಲೂ 100 ಹೋಗುತ್ತದೆ. ಕಾಲಿನ ಲೈನ್ ದೊಡ್ಡ ಗೆಲುವಿನ ಲಾಭದಿಂದ ಸ್ವಲ್ಪ ಕಿತ್ತು ಸಣ್ಣ ಗೆಲುವಿಗೆ ಕೊಡುತ್ತದೆ. ಏರಿಳಿತ ಸ್ವಲ್ಪ ಕಮ್ಮಿ ಇರಲಿ ಅನ್ನುವವರಿಗೆ ಅದು ಹಿತ. ಅದೇ ಕಾರಣಕ್ಕೆ -0.75ರ ಆಡ್ಸ್ 1.80 ಮತ್ತು 2.45ರ ಸರಾಸರಿ 2.125ಕ್ಕಿಂತ ಕಮ್ಮಿ ಇರುವುದು. "ನಡುವಿನ ಲೈನ್‌ಗೆ ನಡುವಿನ ಆಡ್ಸ್ ಕೊಟ್ಟಿಲ್ಲ, ಮೋಸ" ಅಂತ ದೂರುವವರು ಇದನ್ನು ಗಮನಿಸಿರುವುದಿಲ್ಲ.

ಎಲ್ಲಿ ಎಡವಟ್ಟಾಗುತ್ತದೆ

ಲೆಕ್ಕ 90 ನಿಮಿಷ ಮತ್ತು ರೆಫರಿ ಸೇರಿಸುವ ಹೆಚ್ಚುವರಿ ನಿಮಿಷಗಳಿಗೆ ಮಾತ್ರ. ಎಕ್ಸ್‌ಟ್ರಾ ಟೈಮ್, ಪೆನಾಲ್ಟಿ ಶೂಟೌಟ್ ಸೇರುವುದಿಲ್ಲ, ಬೇರೆ ಅಂತ ಸ್ಪಷ್ಟವಾಗಿ ಬರೆದಿದ್ದರೆ ಬಿಟ್ಟು. ನಾಕೌಟ್ ಪಂದ್ಯಗಳಲ್ಲಿ ಇದು ಕಾಲಿನ ಲೈನ್‌ಗಳ ಮೇಲೆ ಹೇಗೆ ಆಡುತ್ತದೆ ಅಂತ ನೋಡಲು 2022ರ ವಿಶ್ವಕಪ್ ಫೈನಲ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಮೆಸ್ಸಿ ಪೆನಾಲ್ಟಿಯಿಂದ ಒಂದು, ಡಿ ಮರಿಯಾ ಒಂದು, ಅರ್ಜೆಂಟೀನಾ 2-0 ಮುಂದೆ. 80ನೇ ನಿಮಿಷದ ತನಕ ಅರ್ಜೆಂಟೀನಾ -0.25 ಹಿಡಿದವರು ಪೂರ್ತಿ ಗೆದ್ದ ಖುಷಿಯಲ್ಲಿ ಕೂತಿರಬೇಕು. ಎಂಬಾಪೆ 80ನೇ ನಿಮಿಷದಲ್ಲಿ ಪೆನಾಲ್ಟಿಯಿಂದ ಒಂದು, ಮರು ನಿಮಿಷವೇ ಇನ್ನೊಂದು ಹೊಡೆದರು. 90 ನಿಮಿಷದ ಆಟ ಮುಗಿದಾಗ 2-2.

ಬೆಟ್ ಮಟ್ಟಿಗೆ ಪಂದ್ಯ ಅಲ್ಲಿಗೆ ಮುಗಿಯಿತು. ಆಮೇಲೆ ಎಕ್ಸ್‌ಟ್ರಾ ಟೈಮ್‌ನಲ್ಲಿ 3-3 ಆಗಿ, ಶೂಟೌಟ್‌ನಲ್ಲಿ ಅರ್ಜೆಂಟೀನಾ 4-2 ಗೆದ್ದು ಕಪ್ ಎತ್ತಿದ್ದು ಲೆಕ್ಕಕ್ಕೆ ಬರುವುದಿಲ್ಲ. ಅರ್ಜೆಂಟೀನಾ -0.25ಕ್ಕೆ ಅರ್ಧ ಸೋಲು. ಕಪ್ ಕಳೆದುಕೊಂಡ ಫ್ರಾನ್ಸ್‌ನ +0.25ಕ್ಕೆ ಅರ್ಧ ಗೆಲುವು!

ಪಂದ್ಯ ನಡೆಯುತ್ತಿರುವಾಗ ಹಾಕುವವರಿಗೆ ಇನ್ನೊಂದು ಗುಂಡಿ ಇದೆ. ಏಷ್ಯನ್ ಹ್ಯಾಂಡಿಕ್ಯಾಪ್‌ನಲ್ಲಿ ಸಾಮಾನ್ಯವಾಗಿ ನೀವು ಹಾಕಿದ ಕ್ಷಣದಿಂದ ಮುಂದಿನ ಗೋಲುಗಳಷ್ಟೇ ಎಣಿಕೆಗೆ ಬರುತ್ತವೆ, ಅಲ್ಲಿಯವರೆಗಿನ ಸ್ಕೋರ್ 0-0 ಅಂತಲೇ ಲೆಕ್ಕ. ತಂಡ 1-0 ಮುಂದಿದ್ದಾಗ ನೀವು ಅದರ ಮೇಲೆ -0.25 ಹಾಕಿದಿರಿ, ಪಂದ್ಯ 1-0ಯಲ್ಲೇ ಮುಗಿಯಿತು ಅನ್ನಿ. ತಂಡ ಗೆದ್ದಿದೆ, ಆದರೆ ನಿಮ್ಮ ಲೆಕ್ಕದಲ್ಲಿ ಸ್ಕೋರ್ 0-0, ಅರ್ಧ ಸೋಲು. ಬೆಟ್ ಚೀಟಿಯಲ್ಲಿ ಲೈನ್ ಪಕ್ಕದಲ್ಲಿ ಆಗಿನ ಸ್ಕೋರ್ ಬರೆದಿದ್ದರೆ, ಅದನ್ನು ಕಳೆದು ಲೆಕ್ಕ ಹಾಕುತ್ತಾರೆ ಅಂತ ತಿಳಿಯಿರಿ. ಅನುಮಾನ ಇದ್ದರೆ ನಿಯಮದ ಪುಟ ತೆರೆದು ನೋಡುವುದೇ ವಾಸಿ.

ಹೆಸರಿನಲ್ಲೂ ಒಂದು ಗೊಂದಲ ಇದೆ. ಬರೀ "ಹ್ಯಾಂಡಿಕ್ಯಾಪ್" ಅಂತ ಗೆಲುವು, ಡ್ರಾ, ಸೋಲು ಮೂರೂ ಆಯ್ಕೆ ಕೊಟ್ಟಿದ್ದರೆ ಅದು ಬೇರೆಯೇ ಆಟ. ಅಲ್ಲಿ -1 ಹಿಡಿದು ತಂಡ ಒಂದು ಗೋಲಿನಿಂದ ಗೆದ್ದರೆ ಹಣ ವಾಪಸ್ ಇಲ್ಲ, ಹ್ಯಾಂಡಿಕ್ಯಾಪ್ ಡ್ರಾ ಅಂತ ಆಗಿ ನಿಮ್ಮದು ಸೋಲು. ಮೇಲೆ ಮಾಡಿದ ಹೋಲಿಕೆ ಯಾವುದೂ ಅಲ್ಲಿಗೆ ಅನ್ವಯಿಸುವುದಿಲ್ಲ.

ಕೊನೆಯದಾಗಿ, ಹಲವು ಪಂದ್ಯ ಸೇರಿಸಿ ಒಂದೇ ಬೆಟ್ ಮಾಡುವವರಿಗೆ. ಎಲ್ಲ ಕಡೆ ಕಾಲಿನ ಲೈನ್‌ಗಳನ್ನು ಇದರಲ್ಲಿ ಸೇರಿಸಲು ಬಿಡುವುದಿಲ್ಲ. ಬಿಡುವ ಕಡೆ, ಅರ್ಧ ಗೆದ್ದ ಪಂದ್ಯದ ಆಡ್ಸ್‌ಗೆ 1 ಸೇರಿಸಿ ಎರಡರಿಂದ ಭಾಗಿಸುತ್ತಾರೆ, 2.04 ಇದ್ದದ್ದು 1.52 ಆಗುತ್ತದೆ. ಅರ್ಧ ಸೋತ ಪಂದ್ಯದ ಆಡ್ಸ್ ಎಷ್ಟೇ ಇದ್ದಿರಲಿ, ಅದು 0.5 ಆಗುತ್ತದೆ. ಎರಡು ಪಂದ್ಯ ಸೇರಿಸಿ 100 ಹಾಕಿದ್ದೀರಿ, ಒಂದು 2.00ರಲ್ಲಿ ಪೂರ್ತಿ ಗೆದ್ದಿತು, ಇನ್ನೊಂದು ಅರ್ಧ ಸೋತಿತು ಅಂದರೆ 2ನ್ನು 0.5ರಿಂದ ಗುಣಿಸಿ 1, ಹಾಕಿದ 100 ಹಾಗೇ ವಾಪಸ್. ಮೂರನೆಯದು 1.90ರಲ್ಲಿ ಗೆದ್ದಿದ್ದರೆ 190. ಅರ್ಧ ಸೋಲು ಬಂದರೂ ಚೀಟಿ ಸಾಯುವುದಿಲ್ಲ, ಇದು ತುಂಬಾ ಜನರಿಗೆ ಗೊತ್ತಿರುವುದಿಲ್ಲ. ಆದರೆ ಆ ಒಂದು ಪಂದ್ಯ ಇಡೀ ಚೀಟಿಯ ಮೊತ್ತವನ್ನು ಅರ್ಧಕ್ಕೆ ಇಳಿಸುತ್ತದೆ, ಒಂಟಿ ಬೆಟ್‌ನಲ್ಲಾದರೆ ಹೋಗುತ್ತಿದ್ದದ್ದು ಆ ಪಂದ್ಯಕ್ಕೆ ಹಾಕಿದ ಹಣದ ಅರ್ಧ ಮಾತ್ರ. ಹಾಗಾಗಿ ಸೇರಿಸಿ ಹಾಕುವುದೇ ಆದರೆ -0.25, -1.25 ತರಹ ಅರ್ಧ ಸೋಲಿನ ಕಡೆ ವಾಲುವ ಲೈನ್‌ಗಳನ್ನು ನಾನಂತೂ ಹೊರಗಿಟ್ಟು, ಅವುಗಳನ್ನು ಬೇರೆಯಾಗಿಯೇ ನೋಡುತ್ತೇನೆ.